ಟ್ರೆಡ್‌ಮಿಲ್ 7 ದಾಟಿದ ಕೂಡಲೇ ಕಾಲು ತಾನಾಗಿ ಓಡೋಕೆ ಶುರು ಮಾಡುತ್ತೆ. ಯಾಕೆ?

ಬೆಳಗಿನ ನಡಿಗೆ
ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ಇದೇ ಪ್ರಶ್ನೆ ತಲೆಯಲ್ಲಿ ಕೂತಿದೆ. ನಮ್ಮ ಅಪಾರ್ಟ್‌ಮೆಂಟಿನ ಜಿಮ್‌ನಲ್ಲಿ ಟ್ರೆಡ್‌ಮಿಲ್ ಇದೆ. ಗಂಟೆಗೆ 5 ಕಿ.ಮೀ.ಯಿಂದ ಶುರು ಮಾಡಿ ಅರ್ಧ ಅರ್ಧ ನಿಮಿಷಕ್ಕೆ 0.2 ಏರಿಸುತ್ತಾ ಹೋಗ್ತೀನಿ. 6, 6.4, 6.8 ಎಲ್ಲಾ ನಡಿಗೆಯೇ. 7.2 ಬಂತು ಅಂದ್ರೆ ನಾನು ಏನೂ ಯೋಚನೆ ಮಾಡದೆಯೇ ಓಡ್ತಿರ್ತೀನಿ. ಐದು ದಿನ ನೋಡಿದೆ, ನಾಲ್ಕು ದಿನ 7.2, ಒಂದು ದಿನ 7.0. ಇಳಿಸುತ್ತಾ ಬಂದರೆ 6.8ರಲ್ಲಿ ಮತ್ತೆ ನಡಿಗೆ.

ಹಠ ಹಿಡಿದು ನಡೆಯಲೇಬೇಕು ಅಂತ ನೋಡಿದೆ. 8ರವರೆಗೆ ಹೋಯ್ತು, ಆದರೆ ಕಣಕಾಲಿನ ಮುಂಭಾಗ ಉರಿ ಉರಿ. ಅದೇ 8ರಲ್ಲಿ ಓಡಿದರೆ ಹಾಯಾಗಿದೆ!

ಒಂಬತ್ತು ವರ್ಷದ ಮಗಳ ಜೊತೆ ರಸ್ತೆಯಲ್ಲಿ ನಡೆದರೆ ಅವಳು ನನಗಿಂತ ಎಷ್ಟೋ ಮೊದಲೇ ಕುಪ್ಪಳಿಸಿ ಓಡೋಕೆ ಶುರು ಮಾಡ್ತಾಳೆ. ಅಂದರೆ ಈ ವೇಗ ಎಲ್ಲರಿಗೂ ಒಂದೇ ಅಲ್ಲ. ಇದನ್ನ ಯಾರು ತೀರ್ಮಾನ ಮಾಡೋದು? ಮೆದುಳೋ, ಉಸಿರೋ, ಕಾಲೋ?

ಸೈಕಲ್ ಸೀನ
ಸುಲಭ ಸರ್. ಶಕ್ತಿ ಉಳಿತಾಯ. ನಿಧಾನಕ್ಕೆ ಹೋಗುವಾಗ ನಡಿಗೆ ಅಗ್ಗ, ಜೋರಾಗಿ ಹೋಗುವಾಗ ಓಟ ಅಗ್ಗ. ಎರಡು ಗೆರೆ ಎಲ್ಲಿ ಒಂದನ್ನೊಂದು ದಾಟುತ್ತೋ ಅಲ್ಲಿ ದೇಹ ಗೇರ್ ಬದಲಿಸುತ್ತೆ. ಸೈಕಲ್ಲಲ್ಲಿ ನಾವು ಮಾಡೋದೂ ಅದನ್ನೇ.

ಕಡೂರಿನ ಅಕ್ಕ
ನನಗೂ ಇದೇ ಗೊಂದಲ ಇತ್ತು. ತೂಕ ಇಳಿಯೋಕೆ 7ರಲ್ಲಿ ನಡೆಯೋದು ಒಳ್ಳೇದಾ, ಓಡೋದು ಒಳ್ಳೇದಾ? ನಮ್ಮ ಜಿಮ್ಮಿನ ಹುಡುಗ ಓಡಿ ಅಂತಾನೆ, ಮಂಡಿ ಬೇಡ ಅನ್ನುತ್ತೆ.

ಮೆಕ್ಯಾನಿಕ್ಸ್ ಮೇಷ್ಟ್ರು
ಕಡೂರಿನ ಅಕ್ಕ, ನಿಮ್ಮ ಪ್ರಶ್ನೆ ಬೇರೆಯದು, ಮಂಡಿ ನೋಯುತ್ತಿದ್ದರೆ ನಡೆಯಿರಿ, ಅಷ್ಟು ಸಾಕು ಈಗ.

ಬೆಳಗಿನ ನಡಿಗೆಯವರೇ, ಸೊಗಸಾಗಿ ಅಳೆದಿದ್ದೀರಿ. ಎರಡು ಸಂಖ್ಯೆ ಬೇಕಿತ್ತು. ಒಂದು, ನಿಮ್ಮ ಕಾಲಿನ ಉದ್ದ: ಸೊಂಟದ ಪಕ್ಕದಲ್ಲಿ ಕೈಗೆ ಸಿಗುವ ಮೂಳೆಯ ಗಂಟಿನಿಂದ ನೆಲಕ್ಕೆ. ಪ್ಯಾಂಟಿನ ಒಳ ಅಳತೆ ಅಲ್ಲ. ಎರಡು, 7.2ರಲ್ಲಿ ನಡೆಯುತ್ತಿರುವಾಗ ಅರ್ಧ ನಿಮಿಷಕ್ಕೆ ಎಷ್ಟು ಹೆಜ್ಜೆ ಬೀಳುತ್ತೆ. ಓಡಬೇಡಿ, ಅಷ್ಟು ಹೊತ್ತು ತಡೆದುಕೊಂಡು ನಡೆಯಿರಿ.

ಇನ್ನೊಂದು ಕೆಲಸ. ಎದುರಿಗೆ ಕನ್ನಡಿ ಇದ್ದರೆ ನಿಮ್ಮ ನೆತ್ತಿ ಕಾಣುವ ಮಟ್ಟಕ್ಕೆ ಒಂದು ಟೇಪ್ ಅಂಟಿಸಿ, ಪಕ್ಕದಿಂದ ಯಾರಾದರೂ ಮೊಬೈಲಲ್ಲಿ ಸ್ಲೋ ಮೋಷನ್ ತೆಗೆಯಲಿ. ನೆಲದ ಮೇಲಿರುವ ಕಾಲು ನೆಟ್ಟಗೆ ನಿಂತ ಗಳಿಗೆಯಲ್ಲಿ ತಲೆ ಟೇಪಿಗಿಂತ ಮೇಲಿದೆಯೋ ಕೆಳಗಿದೆಯೋ ನೋಡಿ. ನಡಿಗೆಗೂ ಓಟಕ್ಕೂ ಉತ್ತರ ತಿರುವುಮುರುವಾಗಿ ಬರುತ್ತೆ.

ಚಿಕ್ಕ ಹೆಜ್ಜೆ
ಅಷ್ಟೆಲ್ಲಾ ಯಾಕೆ ಮೇಷ್ಟ್ರೇ? ಎರಡೂ ಕಾಲು ಒಟ್ಟಿಗೆ ಗಾಳಿಯಲ್ಲಿದ್ದರೆ ಓಟ, ಇಲ್ಲದಿದ್ದರೆ ನಡಿಗೆ. ಶಾಲೇಲಿ ಹೇಳಿಕೊಟ್ಟಿದ್ದು ಇದೇ.

ಕೊಡಗಿನ ಕಾಫಿ
ಹಾಗಾದರೆ ಆನೆ ಓಡೋದೇ ಇಲ್ಲ ಅಂತಾಯ್ತು. ನಮ್ಮ ತೋಟದೊಳಗೆ ಒಂದು ನನ್ನ ಹಿಂದೆ ಬಂದಾಗ ಅದು ನಡೀತಿತ್ತು ಅಂತ ನಾನು ಒಪ್ಪಲ್ಲ.

ಮೆಕ್ಯಾನಿಕ್ಸ್ ಮೇಷ್ಟ್ರು
ಆನೆಯ ಮಾತು ಸರಿಯಾದ ಜಾಗಕ್ಕೇ ಬಂತು. ಥಾಯ್ಲೆಂಡಿನಲ್ಲಿ ಏಷ್ಯಾದ ಆನೆಗಳನ್ನು ಓಡಿಸಿ ಅಳೆದವರಿದ್ದಾರೆ, ಗಂಟೆಗೆ 24 ಕಿ.ಮೀ.ವರೆಗೂ ಬಂದಿವೆ. ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡೋದೇ ಇಲ್ಲ. ಆದರೂ ಆ ವೇಗದಲ್ಲಿ ಹಿಂಗಾಲು ಕುಗ್ಗಿ ಪುಟಿಯುತ್ತೆ, ಓಟದಲ್ಲಿ ಆಗುವ ಹಾಗೆ. ಹಾಗಾಗಿ "ಗಾಳಿಯಲ್ಲಿದೆಯಾ" ಅನ್ನೋದು ಪೂರ್ತಿ ಪರೀಕ್ಷೆ ಅಲ್ಲ. ಮೈಭಾರ ಯಾವಾಗ ಮೇಲೆ, ಯಾವಾಗ ಕೆಳಗೆ ಅನ್ನೋದನ್ನ ನೋಡಬೇಕು. ಟೇಪ್ ಅಂಟಿಸಿ ಅಂದದ್ದು ಅದಕ್ಕೇ.

ಬೆಳಗಿನ ನಡಿಗೆ
ಅಳೆದೆ. ಕಾಲು 88 ಸೆಂ.ಮೀ. 7.2ರಲ್ಲಿ ನಡೆದಾಗ ಅರ್ಧ ನಿಮಿಷಕ್ಕೆ 68 ಹೆಜ್ಜೆ. ಮೂರು ಸಲ ಎಣಿಸಿದೆ: 68, 67, 68.

ವಿಡಿಯೋ ಮಗಳೇ ತೆಗೆದಳು. ನೋಡಿ ನಿಜಕ್ಕೂ ಆಶ್ಚರ್ಯ ಆಯ್ತು ಸರ್. ನಡೆಯುವಾಗ ಕಾಲು ನೆಟ್ಟಗಾದಾಗ ತಲೆ ಎಲ್ಲಕ್ಕಿಂತ ಮೇಲೆ, ಎರಡೂ ಕಾಲು ಅಗಲವಾಗಿ ನೆಲದ ಮೇಲಿದ್ದಾಗ ಕೆಳಗೆ. ಓಡುವಾಗ ಕಾಲು ನಟ್ಟನಡುವೆ ಇದ್ದಾಗಲೇ ತಲೆ ಎಲ್ಲಕ್ಕಿಂತ ಕೆಳಗೆ! ಮಂಡಿ ಬಗ್ಗಿ ನಾನು ಕುಕ್ಕರಿಸಿದ ಹಾಗೆ ಕಾಣ್ತೀನಿ, ಅಲ್ಲಿಂದ ಮೇಲೆ ಹಾರ್ತೀನಿ. ಇಷ್ಟು ವರ್ಷ ಓಡಿದ್ದೀನಿ, ಇದು ಗೊತ್ತೇ ಇರಲಿಲ್ಲ.

ಮೆಕ್ಯಾನಿಕ್ಸ್ ಮೇಷ್ಟ್ರು
ನಿಮ್ಮ ವಿಡಿಯೋದಲ್ಲಿ ಕಂಡದ್ದೇ ಎರಡೂ ಮಾದರಿ. ಈಗ ಲೆಕ್ಕ ಹಾಕೋಣ, ಪೂರ್ತಿ ನಿಮ್ಮದೇ ಸಂಖ್ಯೆಗಳಲ್ಲಿ.

ನಡಿಗೆಯಲ್ಲಿ ಕಾಲು ಒಂದು ಕೋಲು, ಪಾದ ಅದರ ಬುಡ, ಮೈಭಾರ ತುದಿಯಲ್ಲಿ. ಗೋಡೆ ಗಡಿಯಾರದ ಲೋಲಕವನ್ನು ತಲೆಕೆಳಗು ಮಾಡಿದ ಹಾಗೆ. ಹೆಜ್ಜೆ ಇಟ್ಟಾಗ ಮೈ ಕೋಲಿನ ಮೇಲೇರುತ್ತೆ, ವೇಗ ಕಮ್ಮಿಯಾಗುತ್ತೆ. ತುದಿ ದಾಟಿದ ಮೇಲೆ ಇಳಿಯುತ್ತೆ, ಕಳೆದ ವೇಗ ವಾಪಸ್ ಬರುತ್ತೆ. ಹಾಯಾದ ನಡಿಗೆಯ ವೇಗದಲ್ಲಿ ಹೀಗೆ ಕೈ ಬದಲಾಯಿಸುವ ಶಕ್ತಿ ಸುಮಾರು ಮೂರರಲ್ಲಿ ಎರಡು ಪಾಲು ಅಂತ ಇಟಲಿಯ ಕವಾನ್ಯಾ ಮತ್ತು ಅವರ ಜೊತೆಯವರು 1970ರ ದಶಕದಲ್ಲಿ ಅಳೆದು ತೋರಿಸಿದ್ದಾರೆ. ಸ್ನಾಯು ಉಳಿದದ್ದನ್ನು ಮಾತ್ರ ತುಂಬಬೇಕು.

ಆದರೆ ಕಮಾನಿನ ದಾರಿಯಲ್ಲಿ ಹೋಗುವ ವಸ್ತುವನ್ನು ಯಾರೋ ಒಬ್ಬರು ಒಳಕ್ಕೆ ಎಳೆಯುತ್ತಲೇ ಇರಬೇಕು. ಕವಣೆಯಲ್ಲಿ ಆ ಕೆಲಸ ಹಗ್ಗ ಮಾಡುತ್ತೆ. ಇಲ್ಲಿ ಹಗ್ಗ ಇಲ್ಲ, ಪಾದಕ್ಕೂ ನೆಲಕ್ಕೂ ಅಂಟು ಇಲ್ಲ. ಎಳೆಯೋದು ಭೂಮಿಯ ಗುರುತ್ವ ಒಂದೇ. ವೇಗ v, ಕಾಲಿನ ಉದ್ದ L ಅಂತಿಟ್ಟುಕೊಂಡರೆ ಬೇಕಾದ ಎಳೆತ v²/L, ಸಿಗುವ ಎಳೆತ ಗುರುತ್ವದ g, ಅಂದರೆ 9.8. ಬೇಕಾದ್ದು ಸಿಗುವುದಕ್ಕಿಂತ ಜಾಸ್ತಿಯಾದರೆ ಮೈ ಕಮಾನು ಬಿಟ್ಟು ಮೇಲೆ ಹಾರುತ್ತೆ. ಸೇತುವೆಯ ಉಬ್ಬಿನ ಮೇಲೆ ಬಸ್ಸು ಜೋರಾಗಿ ಹೋದಾಗ ಹಿಂದಿನ ಸೀಟಿನವರು ಎದ್ದುಬೀಳ್ತಾರಲ್ಲ, ಅದೇ.

7.2 ಅಂದರೆ ಸೆಕೆಂಡಿಗೆ 2 ಮೀಟರ್. 2 × 2 = 4. ಇನ್ನೊಂದು ಕಡೆ 9.8 × 0.88 = 8.62. ಒಂದನ್ನೊಂದರಿಂದ ಭಾಗಿಸಿದರೆ 0.46. ಇದನ್ನೇ ಫ್ರೂಡ್ ಸಂಖ್ಯೆ ಅಂತಾರೆ. ವಿಲಿಯಂ ಫ್ರೂಡ್ ಹಡಗಿನ ಸಣ್ಣ ಮಾದರಿಗಳನ್ನು ನೀರಲ್ಲಿ ಎಳೆದು ನೋಡುತ್ತಿದ್ದ ಎಂಜಿನಿಯರ್. ಅವರ ಸಂಖ್ಯೆಯನ್ನು ಪ್ರಾಣಿಗಳ ಕಾಲಿಗೆ ತಂದು ಚೆನ್ನಾಗಿ ದುಡಿಸಿಕೊಂಡವರು ಲೀಡ್ಸ್‌ನ ಮ್ಯಾಕ್‌ನೀಲ್ ಅಲೆಕ್ಸಾಂಡರ್. ಮನುಷ್ಯರು ಬಹುಪಾಲು 0.5ರ ಹತ್ತಿರ ಓಟಕ್ಕೆ ಬದಲಾಗ್ತಾರೆ. ನಿಮ್ಮದೂ ಅಲ್ಲೇ ಬಂತು.

ಸೈಕಲ್ ಸೀನ
ಒಂದು ನಿಮಿಷ ಮೇಷ್ಟ್ರೇ. ಹಾರಬೇಕಾದ್ದು ಭಾಗಾಕಾರ 1 ಆದಾಗ ತಾನೇ? ಅಂದರೆ 8.62ರ ವರ್ಗಮೂಲ, ಸೆಕೆಂಡಿಗೆ 2.94 ಮೀಟರ್, ಗಂಟೆಗೆ 10.6 ಕಿ.ಮೀ. ಇವರು 7.2ಕ್ಕೇ ಓಡ್ತಿದ್ದಾರೆ. ಲೋಲಕದ ಕಥೆ ಮೂರೂವರೆ ಕಿ.ಮೀ. ತಪ್ಪು ಹೇಳ್ತಿದೆ. ನನ್ನ ಶಕ್ತಿ ಉಳಿತಾಯವೇ ಸರಿ.

ಮೆಕ್ಯಾನಿಕ್ಸ್ ಮೇಷ್ಟ್ರು
ಒಳ್ಳೇ ಪೆಟ್ಟು. ಆದರೆ ನಾನು ಹಾಕಿದ ಲೆಕ್ಕ ಕಾಲು ನೆಟ್ಟಗಿರುವ ಗಳಿಗೆಯದು. ಅದು ಹೆಜ್ಜೆಯಲ್ಲೇ ಅತಿ ಸುಲಭದ ಗಳಿಗೆ. ಕಷ್ಟ ಇರೋದು ಹೆಜ್ಜೆಯ ತುದಿಯಲ್ಲಿ. ಕಾಲು ಓರೆಯಾಗಿದ್ದಾಗ ಮೈ ಕೆಳಗಿರುತ್ತೆ, ಹಾಗಾಗಿ ವೇಗ ಜಾಸ್ತಿ, ಬೇಕಾದ ಎಳೆತವೂ ಜಾಸ್ತಿ. ಅದೇ ಹೊತ್ತಿಗೆ ಗುರುತ್ವ ನೇರ ಕೆಳಕ್ಕೆ ಎಳೆಯುತ್ತೆ, ಕಾಲು ಓರೆ ಇದೆ, ಆದ್ದರಿಂದ ಕಾಲಿನ ದಿಕ್ಕಿಗೆ ಸಿಗುವ ಪಾಲು ಕಮ್ಮಿ. ಬೇಡಿಕೆ ಏರಿತು, ಪೂರೈಕೆ ಇಳಿಯಿತು.

ಇವರದೇ ಸಂಖ್ಯೆ ತಗೊಳ್ಳಿ. 30 ಸೆಕೆಂಡಿಗೆ 68 ಹೆಜ್ಜೆ, 60 ಮೀಟರ್. ಹೆಜ್ಜೆಗೆ 88 ಸೆಂ.ಮೀ. ಕಾಲಿನ ಉದ್ದವೂ 88, ಅಂದರೆ ಹೆಜ್ಜೆಯ ತುದಿಯಲ್ಲಿ ಕಾಲು ಸರಿಯಾಗಿ 30 ಡಿಗ್ರಿ ವಾಲಿದೆ. ಕೋಲಿನ ಮಾದರಿಯಲ್ಲಿ ಅಲ್ಲಿ ಮೈ ಸುಮಾರು 12 ಸೆಂ.ಮೀ. ಕೆಳಗೆ. ನಡುವಿನಲ್ಲಿ ವೇಗ 2 ಇದ್ದರೆ ತುದಿಯಲ್ಲಿ ಸುಮಾರು 2.5. ಬೇಕಾದ ಎಳೆತ 7.2, ಸಿಗೋದು 9.8ರಲ್ಲಿ ಓರೆ ಕಳೆದು 8.5. ಇನ್ನೂ ಸ್ವಲ್ಪ ಜಾಗ ಇದೆ. ನಡುವಿನ ವೇಗ 2.27ಕ್ಕೆ ಏರಿಸಿ, ಬೇಕಾದ್ದೂ ಸಿಗೋದೂ ಸಮ. ಅಲ್ಲಿಗೆ ಮುಗೀತು. ಅದು ಗಂಟೆಗೆ 8.2 ಕಿ.ಮೀ.

ಇವರು ಮೊದಲ ಪೋಸ್ಟಲ್ಲೇ ಏನು ಬರೆದಿದ್ದರು? ಹಠ ಹಿಡಿದು 8ರವರೆಗೆ ನಡೆದೆ ಅಂತ.

ಬೆಳಗಿನ ನಡಿಗೆ
ಮೈ ಜುಮ್ ಅಂತು ಸರ್. 8.4 ಮಾಡಿದಾಗ ನಡೆಯೋಕೆ ಆಗಲೇ ಇಲ್ಲ, ಕಾಲು ನೆಲದಿಂದ ತಾನಾಗಿ ಎದ್ದೇಳ್ತಿತ್ತು. ಅದನ್ನ ಬರೆದಿರಲಿಲ್ಲ.

ಸೈಕಲ್ ಸೀನ
ಸರಿ, ಆ ಲೆಕ್ಕ ಚೆನ್ನಾಗಿದೆ, ಒಪ್ಪಿದೆ. ಆದರೆ ಹೆಜ್ಜೆ ಚಿಕ್ಕದು ಮಾಡಿದರೆ ಓರೆ ಕಮ್ಮಿಯಾಗುತ್ತಲ್ಲ? ಪುಟ್ಟ ಪುಟ್ಟ ಹೆಜ್ಜೆ ಇಟ್ಟು 10ರವರೆಗೆ ನಡೀಬಹುದಲ್ಲ?

ಮೆಕ್ಯಾನಿಕ್ಸ್ ಮೇಷ್ಟ್ರು
ಲೆಕ್ಕದ ಪ್ರಕಾರ ಆಗಬಹುದು. ಹೆಜ್ಜೆ 60 ಸೆಂ.ಮೀ. ಮಾಡಿ, ಮಿತಿ ಸೆಕೆಂಡಿಗೆ 2.66 ಮೀಟರಿಗೆ, ಅಂದರೆ ಗಂಟೆಗೆ ಒಂಬತ್ತೂವರೆ ಕಿ.ಮೀ.ಗೆ ಏರುತ್ತೆ. ಆದರೆ ಆ ವೇಗಕ್ಕೆ ನಿಮಿಷಕ್ಕೆ 266 ಹೆಜ್ಜೆ ಬೇಕು. ಗಾಳಿಯಲ್ಲಿ ತೂಗಿ ಮುಂದೆ ಬರುವ ಕಾಲೂ ಒಂದು ಲೋಲಕವೇ, ಸೊಂಟದಿಂದ ಜೋತುಬಿದ್ದದ್ದು, ಅದಕ್ಕೆ ತನ್ನದೇ ತಾಳ ಇದೆ. ತೊಟ್ಟಿಲನ್ನು ಅದರ ತಾಳಕ್ಕೆ ತೂಗಿದರೆ ಒಂದು ಬೆರಳು ಸಾಕು. ಎರಡರಷ್ಟು ಬೇಗ ತೂಗಬೇಕು ಅಂದರೆ ಪ್ರತಿ ಸಲ ಹಿಡಿದು ನಿಲ್ಲಿಸಿ ತಳ್ಳಬೇಕು, ಕೈ ಸೋತುಹೋಗುತ್ತೆ. ಉದ್ದ ಹೆಜ್ಜೆ ಇಟ್ಟರೆ ಕಮಾನು ಬಿಡುತ್ತೆ, ಗಿಡ್ಡ ಹೆಜ್ಜೆ ಇಟ್ಟರೆ ತೂಗಾಟದಲ್ಲಿ ಸೋಲ್ತೀರಿ. ನಡಿಗೆ ಸಿಕ್ಕಿಬಿದ್ದಿರೋದು ಈ ಎರಡರ ನಡುವೆ.

ಧಾರವಾಡ ಪೇಡೆ
ಮೇಷ್ಟ್ರ, ಒಂದ್ ಮಾತು ನಡುವ ಬಾಯಿ ಹಾಕ್ತೀನಿ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ನಾ ಕಾಲೇಜಿನ್ಯಾಗ ರೇಸ್ ವಾಕಿಂಗ್ ಮಾಡ್ತಿದ್ದೆ. ಜಗತ್ತಿನ ಛಲೋ ವಾಕರ್‌ಗಳು 20 ಕಿ.ಮೀ. ಒಂದು ತಾಸು 16–17 ನಿಮಿಷದಾಗ ಮುಗಸ್ತಾರ. ತಾಸಿಗೆ 15 ಕಿ.ಮೀ. ಮ್ಯಾಲ ಆತು. ನಿಮ್ಮ ಲೆಕ್ಕದಾಗ 10 ದಾಟಿದ್ರ ಮನಷ್ಯಾ ಹಾರತಾನ. ಅವ್ರು ಹ್ಯಾಂಗ ನಡೀತಾರ?

ಚಿಕ್ಕ ಹೆಜ್ಜೆ
ಅದನ್ನೇ ಕೇಳಬೇಕು ಅಂತಿದ್ದೆ!

ಮೆಕ್ಯಾನಿಕ್ಸ್ ಮೇಷ್ಟ್ರು
ಪೇಡೆ ಅವರೇ, ನೀವು ಸೊಂಟ ಹೇಗೆ ಇಟ್ಟುಕೊಳ್ತಿದ್ದಿರಿ ಅಂತ ನೀವೇ ಹೇಳಿ. ನಾನು ಪುಸ್ತಕದಿಂದ ಹೇಳೋದಕ್ಕಿಂತ ಅದು ಚೆನ್ನ.

ಧಾರವಾಡ ಪೇಡೆ
ಹೇಳ್ತೀನ್ರಿ. ರೂಲ್ ಎರಡು. ಹಿಮ್ಮಡಿ ನೆಲಕ್ಕ ತಾಗಿದಾಗಿಂದ ಕಾಲು ನೆಟ್ಟಗ ಬರೂತನಕ ಮೊಣಕಾಲು ಮಡಚಬಾರದು. ಎರಡೂ ಪಾದ ನೆಲಾ ಬಿಟ್ಟಿದ್ದು ಜಡ್ಜ್ ಕಣ್ಣಿಗೆ ಬೀಳಬಾರದು. ಮೊಣಕಾಲು ಮಡಚಂಗಿಲ್ಲ ಅಂದ ಮ್ಯಾಲ ತಲಿ ಮ್ಯಾಲ ಕೆಳಗ ಆಗೂದನ್ನ ಸೊಂಟದಿಂದ ತಡೀಬೇಕು. ನಿಂತ ಕಾಲಿನ ಕಡೆ ಸೊಂಟ ಮ್ಯಾಲ ಹೋಗತೈತಿ, ತೂಗೂ ಕಾಲಿನ ಕಡೆ ಇಳೀತೈತಿ. ಅದಕ್ಕ ನೋಡೂ ಮಂದಿಗೆ ಕುಣದಂಗ ಕಾಣತೈತಿ. ನಮ್ಮ ಕೋಚ್ ಹೇಳತಿದ್ರು, ತಲಿ ಮ್ಯಾಲ ನೀರಿನ ಕೊಡಾ ಐತಿ ಅಂತ ತಿಳ್ಕೊಂಡು ನಡಿ ಅಂತ. ಪಕ್ಕಾ ಆದ ದಿನ ತಲಿ ಸೀದಾ ಗೆರಿ ಹೊಡದಂಗ ಹೋಗತಿತ್ತು.

ಮೆಕ್ಯಾನಿಕ್ಸ್ ಮೇಷ್ಟ್ರು
ಅದೇ ಉತ್ತರದ ಅರ್ಧ. ಸೊಂಟ ಹಾಗೆ ಆಡಿಸಿದಾಗ ಮೈಭಾರದ ಕಮಾನು ಚಪ್ಪಟೆಯಾಗುತ್ತೆ. ಚಪ್ಪಟೆ ಕಮಾನು ಅಂದರೆ ತುಂಬಾ ಉದ್ದದ ಕೋಲಿನ ಕಮಾನು ಇದ್ದ ಹಾಗೆ, ಬೇಕಾದ ಎಳೆತ ಇಳಿಯುತ್ತೆ. L ಅನ್ನು ಮೋಸ ಇಲ್ಲದೆ ಉದ್ದ ಮಾಡಿಕೊಂಡರು.

ಉಳಿದರ್ಧ ನಿಮ್ಮ ಎರಡನೇ ನಿಯಮದಲ್ಲಿದೆ. "ಕಣ್ಣಿಗೆ ಬೀಳಬಾರದು." ಎಳೆಎಳೆಯಾಗಿ ಹಿಡಿಯುವ ಕ್ಯಾಮೆರಾ ಇಟ್ಟರೆ ದೊಡ್ಡ ಸ್ಪರ್ಧೆಗಳಲ್ಲಿ ಹಲವರು ಪ್ರತಿ ಹೆಜ್ಜೆಗೂ ಸೆಕೆಂಡಿನ ನೂರರಲ್ಲಿ ಎರಡು ಮೂರು ಪಾಲು ಗಾಳಿಯಲ್ಲಿರ್ತಾರೆ. ಬರಿಗಣ್ಣು ಅದನ್ನು ಹಿಡಿಯಲ್ಲ, ನಿಯಮ ಕೇಳೋದೂ ಬರಿಗಣ್ಣನ್ನೇ. ಅದು ಆ ಕ್ರೀಡೆಯ ಒಪ್ಪಂದ, ತಪ್ಪು ಅಂತ ನಾನು ಹೇಳ್ತಿಲ್ಲ.

ಧಾರವಾಡ ಪೇಡೆ
ತಪ್ಪು ಅನ್ನೂ ಹಂಗಿಲ್ಲ ಬಿಡ್ರಿ. ಅಷ್ಟು ಕಷ್ಟಾ ಪಟ್ಟು ಕಲತಿದ್ದು. ಒಂದ್ ಸಲಾ ಕಾರ್ಡ್ ಬಿದ್ದು ಲೈನಿನ ಹೊರಗ ನಿಂತಾವ ನಾ, ಅದರ ಸಂಕಟ ನನಗ ಗೊತ್ತೈತಿ.

ಎಲುಬು ಸ್ನಾಯು
ಫಿಸಿಯೋಥೆರಪಿಸ್ಟ್ ನಾನು. ಮೇಷ್ಟ್ರ ಲೆಕ್ಕ ಓದಿ ಖುಷಿ ಆಯ್ತು, ಆದರೆ ಎಲ್ಲರೂ ಮಿತಿಯ ಬಗ್ಗೆ ಮಾತಾಡ್ತಿದ್ದೀರಿ. ಬೆಳಗಿನ ನಡಿಗೆಯವರು ಕೇಳಿದ್ದು 8.2ರ ಬಗ್ಗೆ ಅಲ್ಲ. ಅವರು 7.2ಕ್ಕೇ, ಮಿತಿಗಿಂತ ಒಂದು ಕಿ.ಮೀ. ಮೊದಲೇ, ತಾವಾಗಿ ಬದಲಾಗ್ತಾರೆ. ಅವರನ್ನ ಅಲ್ಲಿ ತಳ್ಳಿದ್ದು ಯಾರು?

ಅವರೇ ಸುಳಿವು ಕೊಟ್ಟಿದ್ದಾರೆ, ಕಣಕಾಲಿನ ಮುಂಭಾಗದ ಉರಿ. ಅಲ್ಲಿ ಮೂಳೆಯ ಹೊರಪಕ್ಕಕ್ಕೆ ಬೆರಳಿಟ್ಟು ಪಾದವನ್ನು ಮೇಲೆತ್ತಿ ನೋಡಿ, ಗಟ್ಟಿಯಾಗುವ ಸ್ನಾಯು ಸಿಗುತ್ತೆ. ಜೋರು ನಡಿಗೆಯಲ್ಲಿ ಹಿಮ್ಮಡಿ ಬಿದ್ದ ಮೇಲೆ ಪಾದ ಪಟ್ ಅಂತ ಬಡಿಯದ ಹಾಗೆ ಹಿಡಿದುಕೊಳ್ಳೋದು ಅದೇ, ಕಾಲು ಮುಂದೆ ಬರುವಾಗ ಬೆರಳು ನೆಲಕ್ಕೆ ತಾಗದ ಹಾಗೆ ಎತ್ತೋದೂ ಅದೇ. ಸಣ್ಣ ಸ್ನಾಯು, ವೇಗ ಏರಿದ ಹಾಗೆ ಅದರ ಕೆಲಸ ಮಿತಿ ಮೀರಿ ಏರುತ್ತೆ. ಓಟಕ್ಕೆ ಬದಲಾದ ಕೂಡಲೇ ಹೊರೆ ತೊಡೆ, ಮೀನಖಂಡದ ದೊಡ್ಡ ಸ್ನಾಯುಗಳಿಗೆ ಹೋಗುತ್ತೆ. 1990ರ ದಶಕದಲ್ಲಿ ಹ್ರೆಲ್ಯಾಕ್ ಎಂಬವರು ಇದನ್ನೇ ವಾದಿಸಿದರು. ಸೀನ ಅವರ ಶಕ್ತಿ ಉಳಿತಾಯವನ್ನೂ ಅವರು ಅಳೆದಿದ್ದರು. ಜನ ಬದಲಾಗೋದು ಎರಡು ಗೆರೆ ದಾಟುವ ವೇಗಕ್ಕಿಂತ ಸ್ವಲ್ಪ ಮೊದಲೇ. ಅಂದರೆ ಬದಲಾದ ಗಳಿಗೆಯಲ್ಲಿ ಓಟ ಇನ್ನೂ ತುಸು ದುಬಾರಿ.

ಸೈಕಲ್ ಸೀನ
ದುಬಾರಿ ಆಗುವ ಕಡೆಗೆ ದೇಹ ಹೋಗುತ್ತಾ? ನಂಬೋಕೆ ಕಷ್ಟ.

ಎಲುಬು ಸ್ನಾಯು
ಒಟ್ಟು ಖರ್ಚು ದುಬಾರಿ ಇರಬಹುದು, ಆದರೆ ಬೊಬ್ಬೆ ಹಾಕ್ತಿರೋ ಸ್ನಾಯು ಸುಮ್ಮನಾಗುತ್ತೆ. ಇನ್ನೂ ಒಂದು ಮಾತು. ಆಮ್ಲಜನಕದ ಲೆಕ್ಕ ಸ್ಥಿರವಾಗಿ ಗೊತ್ತಾಗೋಕೆ ನಿಮಿಷಗಳೇ ಬೇಕು, ಕಾಲು ಬದಲಾಗೋದು ಎರಡು ಮೂರು ಹೆಜ್ಜೆಯಲ್ಲಿ. ಖರ್ಚಿನ ಲೆಕ್ಕ ನೋಡಿ ಆ ಕ್ಷಣದಲ್ಲಿ ತೀರ್ಮಾನ ಮಾಡೋದು ಹೇಗೆ?

ಸೈಕಲ್ ಸೀನ
ಹುಟ್ಟಿದಾಗಿನಿಂದ ನಡೆದು ಓಡಿ ದೇಹ ಕಲಿತಿರಬಹುದಲ್ಲ ಮೇಡಂ. ಪ್ರತಿ ಸಲ ಅಳೆಯಬೇಕಿಲ್ಲ. ಗ್ಯಾಸ್ ಬಿಲ್ ಬರೋವರೆಗೆ ಕಾಯದೆ ನಮ್ಮಮ್ಮ ಉರಿ ಸಣ್ಣ ಮಾಡ್ತಾರಲ್ಲ, ಹಾಗೆ. ಕಾಲಿನ ಉರಿಯೇ ದೇಹಕ್ಕೆ ಸಿಗುವ ಸೂಚನೆ, ಹಿಂದಿರುವ ಕಾರಣ ಉಳಿತಾಯವೇ.

ಮೆಕ್ಯಾನಿಕ್ಸ್ ಮೇಷ್ಟ್ರು
ಸೀನ ಅವರ ಈ ಮಾತು ಮೊದಲಿನದಕ್ಕಿಂತ ಗಟ್ಟಿಯಾಗಿದೆ. 2006ರಲ್ಲಿ ಶ್ರೀನಿವಾಸನ್ ಮತ್ತು ರುಯಿನಾ ಕಂಪ್ಯೂಟರಿನಲ್ಲಿ ಒಂದು ಬೊಂಬೆ ಮಾಡಿದರು. ತೂಕದ ಒಂದು ಬಿಂದು, ಉದ್ದ ಬದಲಿಸಬಲ್ಲ ಎರಡು ಕಾಲು, ಸ್ಪ್ರಿಂಗೂ ಇಲ್ಲ. ಅತಿ ಕಮ್ಮಿ ಕೆಲಸದಲ್ಲಿ ಈ ವೇಗಕ್ಕೆ ಹೋಗು ಅಂತ ಬಿಟ್ಟರು. ನಿಧಾನ ವೇಗಕ್ಕೆ ಬೊಂಬೆ ತಲೆಕೆಳಗಾದ ಲೋಲಕದ ನಡಿಗೆ ಆರಿಸಿತು, ಜೋರು ವೇಗಕ್ಕೆ ಪುಟಿಯುವ ಓಟ. ಯಾರೂ ಹೇಳಿಕೊಟ್ಟಿರಲಿಲ್ಲ. ಹಾಗಾಗಿ ಇವೆರಡೇ ಯಾಕೆ ಇವೆ ಅನ್ನೋದಕ್ಕೆ ಉಳಿತಾಯ ಒಳ್ಳೇ ಉತ್ತರ. ಆ ಗಳಿಗೆಯಲ್ಲಿ ಗುಂಡಿ ಒತ್ತೋದು ಯಾರು ಅನ್ನೋದಕ್ಕೆ ಅಲ್ಲ. ಎರಡು ಬೇರೆ ಪ್ರಶ್ನೆ.

ಕಡೂರಿನ ಅಕ್ಕ
ನನಗೆ ಒಂದು ಅರ್ಥ ಆಗ್ತಿಲ್ಲ. ಓಡುವಾಗ ನೆಲಕ್ಕೆ ಕಾಲು ಧಡ್ ಅಂತ ಬೀಳುತ್ತೆ, ಮಂಡಿಗೆ ಪೆಟ್ಟು ಜಾಸ್ತಿ. ಅದು ಹೇಗೆ ಹಾಯಾಗಿರುತ್ತೆ?

ಮೆಕ್ಯಾನಿಕ್ಸ್ ಮೇಷ್ಟ್ರು
ಇದು ಸರಿಯಾದ ಪ್ರಶ್ನೆ ಅಕ್ಕ. ಓಟದಲ್ಲಿ ನೆಲದ ಒತ್ತು ಮೈತೂಕದ ಎರಡು, ಎರಡೂವರೆ ಪಟ್ಟು ಹೋಗುತ್ತೆ. ನಡಿಗೆಯಲ್ಲಿ ಒಂದೂಕಾಲು ಪಟ್ಟಿನ ಆಸುಪಾಸು. ಆದರೆ ಓಟದಲ್ಲಿ ಕಾಲು ಕೋಲಲ್ಲ, ಸ್ಪ್ರಿಂಗು. ಬಿದ್ದಾಗ ಕುಗ್ಗುತ್ತೆ, ಎದ್ದಾಗ ಹಿಗ್ಗುತ್ತೆ. ಲೋಲಕದಲ್ಲಿ ಎತ್ತರ ಮತ್ತು ವೇಗ ಒಂದಕ್ಕೊಂದು ಸಾಲ ಕೊಡ್ತಿದ್ದವು. ಓಟದಲ್ಲಿ ಎರಡೂ ಒಟ್ಟಿಗೇ ಇಳಿಯುತ್ತವೆ, ಆ ಶಕ್ತಿಯನ್ನು ಹಿಡಿದಿಡೋಕೆ ಬೇರೆ ಜಾಗ ಬೇಕು. ಆ ಜಾಗ ಹಿಮ್ಮಡಿಯ ಮೇಲಿನ ದಪ್ಪ ಹುರಿ, ಪಾದದ ಕಮಾನು. ಒಂದು ಹೆಜ್ಜೆಯಲ್ಲಿ ಹೀಗೆ ಬಂದುಹೋಗುವ ಶಕ್ತಿಯ ಮೂರರಲ್ಲಿ ಒಂದು ಪಾಲನ್ನು ಹಿಮ್ಮಡಿಯ ಹುರಿ ಒಂದೇ ಇಟ್ಟುಕೊಂಡು ಕೊಡುತ್ತೆ ಅಂತ 1987ರಲ್ಲಿ ಅಲೆಕ್ಸಾಂಡರ್ ಗುಂಪು ಅಂದಾಜು ಮಾಡಿತ್ತು.

ಜಾಸ್ತಿ ಒತ್ತು ಅಂದರೆ ಜಾಸ್ತಿ ಕಷ್ಟ ಅಂತಲೂ ಅಲ್ಲ. ಸ್ನಾಯುವಿಗೆ ಕಷ್ಟ ಬೇಗ ಬೇಗ ಕುಗ್ಗಬೇಕಾದಾಗ. 7.2ರಲ್ಲಿ ನಡೆಯುವಾಗ ಮೀನಖಂಡ ಅವಸರದಲ್ಲಿ ಕುಗ್ಗುತ್ತಾ ತಳ್ಳಬೇಕು, ಅವಸರದ ಸ್ನಾಯುವಿಗೆ ಬಲ ಬರಲ್ಲ. ಅದೇ ವೇಗದಲ್ಲಿ ಓಡಿದರೆ ಸ್ನಾಯು ಹೆಚ್ಚುಕಮ್ಮಿ ಬಿಗಿಹಿಡಿದು ನಿಲ್ಲುತ್ತೆ, ಹಿಗ್ಗುವ ಕುಗ್ಗುವ ಕೆಲಸ ಹುರಿಯದು. 2012ರಲ್ಲಿ ಫ್ಯಾರಿಸ್ ಮತ್ತು ಸವಿಕಿ ಕಾಲಿಗೆ ಅಲ್ಟ್ರಾಸೌಂಡ್ ಕಟ್ಟಿ ಟ್ರೆಡ್‌ಮಿಲ್ ಮೇಲೆ ಇದನ್ನು ಕಣ್ಣಾರೆ ನೋಡಿದರು.

ಎಲುಬು ಸ್ನಾಯು
ಹಾಗಾದರೆ ಮುಂಭಾಗದ ಸ್ನಾಯು ಅಲ್ಲ, ಹಿಂಭಾಗದ್ದು ಅಂತೀರಾ?

ಮೆಕ್ಯಾನಿಕ್ಸ್ ಮೇಷ್ಟ್ರು
ಎರಡಕ್ಕೂ ಸಾಕ್ಷಿ ಇದೆ. ಯಾವುದು ಮೊದಲು ಅಂತ ನಾನು ಪಣ ಕಟ್ಟಲ್ಲ.

ಎಲುಬು ಸ್ನಾಯು
ನಾನು ಕಟ್ತೀನಿ. ಉರಿ ಬರೋದು ಮುಂದೆ. ಹತ್ತು ಜನರನ್ನ 7.5ರಲ್ಲಿ ನಡೆಸಿ ಕೇಳಿ, ಎಷ್ಟು ಜನ ಮೀನಖಂಡ ಮುಟ್ಟಿ ತೋರಿಸ್ತಾರೆ ನೋಡೋಣ.

ಕೊಡಗಿನ ಕಾಫಿ
ದಪ್ಪಗಿರೋರು ಬೇಗ ಓಟಕ್ಕೆ ಬರ್ತಾರಾ ಹಾಗಾದರೆ? ನಾನು 96 ಕೆ.ಜಿ.

ಮೆಕ್ಯಾನಿಕ್ಸ್ ಮೇಷ್ಟ್ರು
ಲೋಲಕದ ಲೆಕ್ಕದಲ್ಲಿ ತೂಕವೇ ಇಲ್ಲ ನೋಡಿ, ಬೇಕಾದ ಎಳೆತಕ್ಕೂ ಸಿಗುವ ಎಳೆತಕ್ಕೂ ಸಮನಾಗಿ ಬಂದು ಹೊಡೆದುಹೋಗುತ್ತೆ. ಕಾಲಿನ ಉದ್ದ, ಗುರುತ್ವ ಎರಡೇ ಉಳಿಯೋದು. ಸ್ನಾಯುವಿನ ಲೆಕ್ಕದಲ್ಲಿ ತೂಕ ಬರುತ್ತೆ.

ಚಿಕ್ಕ ಹೆಜ್ಜೆ
ಗುರುತ್ವ ಬದಲಾಯಿಸಿ ನೋಡಿದವರು ಯಾರಾದರೂ ಇದ್ದಾರಾ? ಚಂದ್ರನ ಮೇಲೆ ಹೋದವರು ಕುಪ್ಪಳಿಸುತ್ತಿದ್ದರಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಮೆಕ್ಯಾನಿಕ್ಸ್ ಮೇಷ್ಟ್ರು
ಇದೆ. ಚಂದ್ರನ ಗುರುತ್ವ ಇಲ್ಲಿಯದರ ಆರನೇ ಒಂದು ಪಾಲು. ಫ್ರೂಡ್ 0.5 ಇಟ್ಟು ಲೆಕ್ಕ ಹಾಕಿದರೆ ಗಂಟೆಗೆ 3 ಕಿ.ಮೀ.ಗೇ ನಡಿಗೆ ಬಿಡಬೇಕು. ಭೂಮಿಯ ಮೇಲೆ 1997ರಲ್ಲಿ ಕ್ರಾಮ್ ಮತ್ತು ಜೊತೆಯವರು ಜನರನ್ನು ಟ್ರೆಡ್‌ಮಿಲ್ ಮೇಲೆ ಪಟ್ಟಿಯಿಂದ ಮೇಲಕ್ಕೆ ಎಳೆದು ತೂಕ ಇಳಿಸಿ ನೋಡಿದರು. ಗುರುತ್ವ ಇಳಿಸಿದ ಹಾಗೆ ಓಟಕ್ಕೆ ಬದಲಾಗುವ ವೇಗವೂ ಇಳಿಯಿತು, ಫ್ರೂಡ್ ಸಂಖ್ಯೆ ಮಾತ್ರ 0.5ರ ಸುತ್ತಲೇ ಉಳಿಯಿತು. ಲೋಲಕದ ಪರ ಇದಕ್ಕಿಂತ ಒಳ್ಳೇ ಸಾಕ್ಷಿ ನನಗೆ ಗೊತ್ತಿಲ್ಲ.

ಆದರೆ ತೀರಾ ಕಮ್ಮಿ ಗುರುತ್ವದಲ್ಲಿ ಸಂಖ್ಯೆ 0.5 ಬಿಟ್ಟು ಮೇಲೇರಿತು, ಅಂದರೆ ಸರಳ ಲೆಕ್ಕಕ್ಕಿಂತ ಜಾಸ್ತಿ ವೇಗದವರೆಗೆ ನಡೆದರು. ಪಟ್ಟಿ ಎಳೆಯೋದು ಮೈಯನ್ನು, ತೂಗುವ ಕೈಕಾಲಿಗೆ ಪೂರ್ತಿ ಗುರುತ್ವವೇ. ಅವು ತೂಗಿದಾಗ ಮೈಯನ್ನು ಒಂದಿಷ್ಟು ಕೆಳಕ್ಕೆ ಒತ್ತುತ್ತವೆ. ಇಲ್ಲಿ ಆ ಒತ್ತು ಲೆಕ್ಕಕ್ಕಿಲ್ಲ, ಗುರುತ್ವ ಕಮ್ಮಿಯಾದಾಗ ಅದೇ ದೊಡ್ಡದಾಗುತ್ತೆ.

ಎಲುಬು ಸ್ನಾಯು
ನನ್ನ ಕಡೆಗೂ ಅದೇ ಪ್ರಯೋಗ ತಿರುಗುತ್ತೆ ಮೇಷ್ಟ್ರೇ. ಪಟ್ಟಿಯಿಂದ ಎತ್ತಿದರೆ ಸ್ನಾಯುಗಳ ಹೊರೆಯೂ ಇಳಿಯುತ್ತೆ. ಆದರೂ ಜನ ಬೇಗ ಓಡಿದರು. ಹೊರೆ ಕಮ್ಮಿಯಾದರೆ ತಡವಾಗಿ ಓಡಬೇಕಿತ್ತು, ಅಲ್ವಾ? ಇದಕ್ಕೆ ಉತ್ತರ ಯೋಚಿಸ್ತೀನಿ. ಪಾದ ಎತ್ತುವ ಸ್ನಾಯುವಿನ ಹೊರೆ ಮೈತೂಕದ್ದಲ್ಲ, ಪಾದದ್ದು, ಅದು ಇಳಿದಿರಲ್ಲ. ಆದರೆ ಬೇಗ ಯಾಕೆ ಅನ್ನೋದಕ್ಕೆ ಅದು ಸಾಲಲ್ಲ.

ಬೆಳಗಿನ ನಡಿಗೆ
ಭಾನುವಾರ ಮಗಳನ್ನ ಅಳೆದೆ. ಕಾಲು 64 ಸೆಂ.ಮೀ. ನನ್ನ 0.46ನ್ನೇ ಅವಳಿಗೂ ಹಾಕಿ ಮೊದಲೇ ಲೆಕ್ಕ ಬರೆದಿಟ್ಟೆ: ಸೆಕೆಂಡಿಗೆ 1.7 ಮೀಟರ್, ಗಂಟೆಗೆ 6.1 ಕಿ.ಮೀ.

ಮಕ್ಕಳನ್ನ ಟ್ರೆಡ್‌ಮಿಲ್ ಹತ್ತಿಸಬಾರದು ಅಂತ ಬೋರ್ಡ್ ಇದೆ. ಅದಕ್ಕೆ ಬೇಸ್‌ಮೆಂಟಿನಲ್ಲಿ ಸುಣ್ಣದ ಕಡ್ಡಿಯಿಂದ ಗೆರೆ ಎಳೆದೆ. ಮೊದಲು 1.5 ಮೀಟರಿಗೊಂದು. ಮೊಬೈಲಲ್ಲಿ ಸೆಕೆಂಡಿಗೊಂದು ಟಕ್ ಇಟ್ಟು, ಪ್ರತಿ ಟಕ್‌ಗೆ ನಾನು ಒಂದು ಗೆರೆ ದಾಟುವ ಹಾಗೆ ನಡೆದೆ. ಅವಳು ಪಕ್ಕದಲ್ಲಿ ನನ್ನ ಕೈ ಹಿಡಿಯದೆ ಬರಬೇಕು. 1.5ರಲ್ಲಿ ನಡೆದಳು. ಗೆರೆ ಅಳಿಸಿ 1.6, ನಡೆದಳು. 1.7ರಲ್ಲಿ ಮೂರು ಸಲ: ಒಂದು ಸಲ ನಡೆದಳು, ಎರಡು ಸಲ ಓಡಿದಳು. 1.8ರಲ್ಲಿ ಮೊದಲ ಹೆಜ್ಜೆಯಿಂದಲೇ ಓಟ. ನಾನು ಪೂರ್ತಿ ನಡೆಯುತ್ತಲೇ ಇದ್ದೆ.

ನನ್ನ ಕಾಗದ ತೋರಿಸಿದೆ. "ಅಪ್ಪಾ, ನಾನು ಓಡ್ತೀನಿ ಅಂತ ನಿಂಗೆ ಮೊದಲೇ ಹೇಗೆ ಗೊತ್ತಿತ್ತು?" ಅಂದಳು.

ಧಾರವಾಡ ಪೇಡೆ
ಭಾರೀ ಆತ್ರಿ ಇದು! ಆ ಕಾಗದಾ ತೆಗದಿಡ್ರಿ. ಹುಡುಗಿ ಬೆಳದಂಗ ವರ್ಷಕ್ಕೊಮ್ಮೆ ಅಳೀರಿ.

ಮೆಕ್ಯಾನಿಕ್ಸ್ ಮೇಷ್ಟ್ರು
ತುಂಬಾ ಚೆನ್ನಾಗಿ ಮಾಡಿದ್ದೀರಿ, ನಿಮ್ಮ ವೇಗ ಕಟ್ಟಿಹಾಕಿದ್ದೇ ಮುಖ್ಯ. ಮಕ್ಕಳಿಗೆ ಸುಮ್ಮನೆ ಜೋರಾಗಿ ನಡಿ ಅಂದರೆ ವೇಗ ಏರುತ್ತಲೇ ಇರುತ್ತೆ, ಎಲ್ಲಿ ಬದಲಾಯ್ತು ಅಂತ ಹಿಡಿಯೋಕಾಗಲ್ಲ. ಒಂದೇ ಎಚ್ಚರಿಕೆ, ಗೆರೆಗಳನ್ನು ಏರುವ ಕ್ರಮದಲ್ಲಿ ಇಟ್ಟಿರಿ. ಮುಂದಿನ ಸಲ 1.8 ಮೊದಲು, 1.5 ಆಮೇಲೆ, ಹಿಂದೆ ಮುಂದೆ ಮಾಡಿ. ಇಳಿಯುವಾಗ ನಿಮಗೇ 7.2 ಬದಲು 6.8 ಬಂದಿತ್ತಲ್ಲ.

ಸೈಕಲ್ ಸೀನ
ಅದು ಯಾಕೆ ಹಾಗೆ? ಏರುವಾಗ ಒಂದು, ಇಳಿಯುವಾಗ ಒಂದು?

ಎಲುಬು ಸ್ನಾಯು
ಆ ವ್ಯತ್ಯಾಸ ಕೆಲವು ಪ್ರಯೋಗಗಳಲ್ಲಿ ಕಾಣುತ್ತೆ, ಕೆಲವರಲ್ಲಿ ಕಾಣೋದೇ ಇಲ್ಲ. ಇರುವ ನಡೆಯಲ್ಲೇ ಸ್ವಲ್ಪ ಹೊತ್ತು ಅಂಟಿಕೊಂಡಿರುವ ಸ್ವಭಾವ ಅಂತ ಕೆಲವರು ಹೇಳ್ತಾರೆ. ನನಗೆ ಆ ಉತ್ತರ ಸಾಕಾಗಿಲ್ಲ.

ಕಡೂರಿನ ಅಕ್ಕ
ನಮ್ಮ ಯಜಮಾನರು ಆರಡಿ, ನಾನು ನಾಲ್ಕು ಅಡಿ ಹನ್ನೊಂದು ಇಂಚು. ದೇವಸ್ಥಾನಕ್ಕೆ ಹೊರಟರೆ ಇಪ್ಪತ್ತು ವರ್ಷದಿಂದ "ಬೇಗ ಬಾರೇ" ಅಂತಾರೆ. ಇವತ್ತು ಇಬ್ಬರ ಕಾಲೂ ಟೇಪಿನಲ್ಲಿ ಅಳೆದೆ, ಅವರದು 96, ನನ್ನದು 75. ಯಾರಾದರೂ ಲೆಕ್ಕ ಹಾಕಿಕೊಡಿ, ಅವರಿಗೆ ತೋರಿಸಬೇಕು.

ಸೈಕಲ್ ಸೀನ
0.46 ಇಟ್ಟರೆ ಅವರು ಗಂಟೆಗೆ 7.5ರವರೆಗೆ ನಡೀತಾರೆ ಅಕ್ಕ, ನೀವು 6.6ಕ್ಕೇ ಓಡಬೇಕು. ಅವರು 7ರಲ್ಲಿ ನಡೆದರೆ ನೀವು ಓಡ್ತಾ ಇರ್ತೀರಿ.

ಕಡೂರಿನ ಅಕ್ಕ
ತೋರಿಸಿದೆ. ಸಂಜೆ ನಿಧಾನ ನಡೆದರು.

ಎಲುಬು ಸ್ನಾಯು
ಬೆಳಗಿನ ನಡಿಗೆಯವರೇ, ನನಗೊಂದು ಉಪಕಾರ ಮಾಡಿ. ಟ್ರೆಡ್‌ಮಿಲ್ಲಿನ ಏರು 5ಕ್ಕೆ ಇಟ್ಟು ಅದೇ ರೀತಿ ಏರಿಸಿ. ಯಾವ ವೇಗಕ್ಕೆ ಓಡ್ತೀರಿ ಅನ್ನೋದರ ಜೊತೆಗೆ, ಓಡುವ ಹಿಂದಿನ ಹೆಜ್ಜೆಯಲ್ಲಿ ಸುಸ್ತು ಮುಂದೆಯೋ ಹಿಂದೆಯೋ ಅಂತ ಬರೆದುಕೊಳ್ಳಿ. ಏರಿನಲ್ಲಿ ಮೀನಖಂಡದ ಕೆಲಸ ಜಾಸ್ತಿ. ಮುಂದಿನ ಸ್ನಾಯು ಸುಮ್ಮನಿದ್ದೂ ಬೇಗ ಓಡಿದರೆ ಮೇಷ್ಟ್ರಿಗೆ ಸೋತೆ ಅಂತ ಇಲ್ಲೇ ಬರೀತೀನಿ.

ಬೆಳಗಿನ ನಡಿಗೆ
ನಾಳೆ ಬೆಳಿಗ್ಗೆ ಆರಕ್ಕೆ ಮೇಡಂ. ಮಗಳು ಈಗಾಗಲೇ ಪಟ್ಟಿ ಬರೆಯೋಕೆ ನೋಟ್‌ಬುಕ್ ತೆಗೆದಿಟ್ಟಿದ್ದಾಳೆ.